ಬೂಸ್ಟು ಬಂದ ಕೊಂಬುಚಾ ಚೆಲ್ರಿ, ಮೊದಲನೇ ದಿನದ ಹುಳಿ ನೋಡ್ರಿ

ಪ್ರಶ್ನೆ: ಗೆಳತಿ ಕೊಟ್ಟ ಸ್ಕೋಬಿ, ಅಂದ್ರ ಚಾ ಹುಳಿ ಬರಿಸೋ ಜೆಲ್ಲಿಯಂಥ ಬಿಲ್ಲಿ, ಹಾಕಿ 2 ಲೀಟರ್ ಸಕ್ರಿ ಚಾದಾಗ ಕೊಂಬುಚಾ, ಅಂದ್ರ ಹುಳಿ ಬರಿಸಿದ ಚಾ, ಇಟ್ಟಿದ್ದೆ, ಜೊತಿಗೆ ಎರಡು ದೊಡ್ಡ ಚಮಚ ಹಳೇ ಬ್ಯಾಚಿನ ಹುಳಿ ನೀರೂ ಹಾಕಿದ್ದೆ. ಐದನೇ ದಿನ ಮ್ಯಾಲ ಬಿಳಿ ಚುಕ್ಕಿ ಬಂದ್ವು, ಈಗ ಹಸಿರಾಗ್ಯಾವ. ವಿಡಿಯೋದಾಗ ಚಮಚದಿಂದ ತೆಗೆದು ಕುಡೀರಿ ಅಂತಾರ, ಕೆಳಗಿನ ನೀರು ಚಂದ ಐತಿ. ಕುಡೀಬಹುದೇನ್ರಿ? (ಗಂಗಾವತಿ)

ಉತ್ತರ: ಬ್ಯಾಡ್ರಿ. ಸ್ಕೋಬಿ ಸಮೇತ ಎಲ್ಲಾ ಚೆಲ್ರಿ. ಸ್ಕೋಬಿ ತೊಳೆದು ಇಟ್ಕೊಳ್ಳೋದೂ ಬ್ಯಾಡ, ಆ ನೀರನ್ನ ಮುಂದಿನ ಸರ್ತಿಗೆ ಅಂತ ಬಾಟ್ಲಿಗೆ ಎತ್ತಿಡೋದೂ ಬ್ಯಾಡ. ವಾರಕ್ಕೊಬ್ಬರಾದ್ರೂ ಇದನ್ನ ಕೇಳ್ತಾರ, ಬ್ಯಾಡ ಅಂದ ಮ್ಯಾಲೂ "ಒಂದ್ ಚೂರು ಅಷ್ಟೇ ಇತ್ತು ಮೇಡಂ" ಅಂತಾರ, ಅದಕ್ಕ ಈ ಸಲ ಪೂರ್ತಿ ಬರೀತೀನಿ.

ಮ್ಯಾಲ ಕಾಣೋ ಹಸಿರು ಚುಕ್ಕಿ ಬೂಸ್ಟಿನ ಬೀಜ ಬಿಡೋ ಭಾಗ ಮಾತ್ರ. ಅದರ ಎಳಿ ಆಗಲೇ ಸ್ಕೋಬಿ ಒಳಗ ಇಳಿದಿರ್ತಾವ, ಅವು ಕಣ್ಣಿಗೆ ಕಾಣಂಗಿಲ್ಲ. ಕೆಲವು ಬೂಸ್ಟು ವಿಷ ಉಂಟು ಮಾಡ್ತಾವ, ಆ ವಿಷ ಕೆಳಗಿನ ನೀರಿಗೂ ಸೇರಬಹುದು. ನಮ್ಮ ಕಡೆ ಶೇಂಗಾ ಬೆಳೆಯೋರಿಗೆ ಅಫ್ಲಟಾಕ್ಸಿನ್ ಅನ್ನೋ ಹೆಸರು ಗೊತ್ತಿರ್ತೈತಿ, ಅದೂ ಬೂಸ್ಟಿನಿಂದಲೇ ಬರೋದು, ಮನ್ಯಾಗ ಕುದಿಸಿದ್ರ ಹೋಗಂಗಿಲ್ಲ. ನಿಮ್ಮ ಜಾರಿನಾಗ ಬೆಳೆದದ್ದು ಯಾವ ಜಾತಿ ಅಂತ ಕಣ್ಣಿಂದ ನೋಡಿ ನಾನೂ ಹೇಳಂಗಿಲ್ಲ, ಆ ವಿಡಿಯೋ ಮಾಡಿದವರೂ ಹೇಳಂಗಿಲ್ಲ. ಗೊತ್ತಿಲ್ಲದನ್ನ ಕುಡೀರಿ ಅಂತ ಧೈರ್ಯದಿಂದ ಹೇಳೋರನ್ನ ಕಂಡ್ರ ನನಗ ಸಿಟ್ಟು ಬರ್ತೈತಿ.

ಆದ್ರ ಬಿಳಿ ಕಂಡದ್ದೆಲ್ಲಾ ಬೂಸ್ಟು ಅಲ್ಲ, ಸುಮ್ನ ಹೆದರಿ ಒಳ್ಳೇದನ್ನೂ ಚೆಲ್ಲಬ್ಯಾಡ್ರಿ. ಹೊಸಾ ಸ್ಕೋಬಿ ಹುಟ್ಟೋ ಮುಂದ ಮ್ಯಾಲ ಬಿಳಿ ಪದರ ಬರ್ತೈತಿ, ಅದು ಒದ್ದಿ ಇರ್ತೈತಿ, ನುಣ್ಣಗ, ಜೆಲ್ಲಿ ಹಂಗ. ಕೆಳಗ ಕಂದು ದಾರದಂಗ ಜೋತಾಡೋದು ಯೀಸ್ಟ್, ಅದರಿಂದ ಏನೂ ತೊಂದ್ರಿ ಇಲ್ಲ. ಬೂಸ್ಟು ಒಣಗಿರ್ತೈತಿ, ಹತ್ತಿ ಅರಳಿ ಹಂಗ ನವಿರು ಎದ್ದಿರ್ತಾವ, ಗಾಳಿ ತಾಗೋ ಮ್ಯಾಲ್ಭಾಗದಾಗೇ ಇರ್ತೈತಿ, ನೀರಿನ ಒಳಗ ಇರಂಗಿಲ್ಲ. ಅನುಮಾನ ಇದ್ರ ಎರಡು ದಿನ ಹಂಗೇ ಬಿಡ್ರಿ, ರುಚಿ ಮಾತ್ರ ನೋಡಬ್ಯಾಡ್ರಿ, ಬೂಸ್ಟೇ ಆಗಿದ್ರ ಅಷ್ಟರೊಳಗ ನವಿರು ಎದ್ದು ಹಸಿರೋ ಕರಿಯೋ ಆಗ್ತೈತಿ. ನಿಮ್ಮದು ಹಸಿರಾಗೇ ಬಿಟ್ಟೈತಿ, ಅನುಮಾನಕ್ಕ ಜಾಗ ಇಲ್ಲ.

ಈಗ ಯಾಕ ಬಂತು ಅನ್ನೋದು. ನಿಮ್ಮ ಪ್ರಶ್ನೆಯೊಳಗೇ ಉತ್ತರ ಐತಿ: ಎರಡು ಚಮಚ. ಹಾಲಿಗೆ ಹೆಪ್ಪು ಹಾಕಿದಂಗ ಒಂದು ಚಮಚ ಸಾಕು ಅಂತ ಬಾಳ ಮಂದಿ ತಿಳ್ಕೊಂಡಾರ. ಹಾಲು ಒಂದ್ ರಾತ್ರಿಯೊಳಗ ಹುಳಿ ಬರ್ತೈತಿ, ಸಕ್ರಿ ಚಾ ಹುಳಿ ಬರಾಕ ದಿನಗಟ್ಟಲೆ ಬೇಕು, ಆ ದಿನಗಳಾಗ ಅದು ಬರೀ ಸಿಹಿ ನೀರು, ಯಾವ ಬೂಸ್ಟಿನ ಬೀಜ ಬಂದು ಬಿದ್ರೂ ಬೆಳೀತೈತಿ. ಹಳೇ ಹುಳಿ ನೀರು, ಅಂದ್ರ ಸ್ಟಾರ್ಟರ್, ಹಾಕೋದು ಮೊದಲನೇ ಗಳಿಗಿಂದಲೇ ಚಾ ಹುಳಿ ಇರಲಿ ಅಂತ. ಅದರಾಗ ಅಸಿಟಿಕ್ ಆಮ್ಲ ಐತಿ, ವಿನೆಗರ್‌ನಾಗ ಇರೋದೂ ಅದೇ, ಬೂಸ್ಟನ್ನ ತಡೆಯೋದು ಅದು. ಜೆಲ್ಲಿ ಬಿಲ್ಲಿ ನೋಡಾಕ ಚಂದ, ಅದಕ್ಕ ಎಲ್ಲಾರೂ ಅದನ್ನೇ ಕೊಡ್ತಾರ ಅದನ್ನೇ ಬೇಡ್ತಾರ, ಆದ್ರ ಕಾಯೋದು ನೀರು.

ಲೆಕ್ಕ ಹಾಕೋಣ. ಎರಡು ದೊಡ್ಡ ಚಮಚ ಅಂದ್ರ ಸುಮಾರು 30 ಮಿಲಿ, 2 ಲೀಟರಿಗೆ ಅದು ನೂರಕ್ಕ ಒಂದೂವರೆ ಭಾಗ. ಬೇಕಾದದ್ದು ನೂರಕ್ಕ 10ರಿಂದ 20 ಭಾಗ, ನಾನು 15 ಅಂತ ಹೇಳ್ತೀನಿ, ಅಂದ್ರ 2 ಲೀಟರ್ ಜಾರಿಗೆ 300 ಮಿಲಿ ಸ್ಟಾರ್ಟರ್, 1.7 ಲೀಟರ್ ಚಾ. ನಿಮ್ಮ ಹತ್ರ 30 ಮಿಲಿನೇ ಇದ್ರ ಅದಕ್ಕ ತಕ್ಕದ್ದು 170 ಮಿಲಿ ಚಾ, ಒಂದು ಗ್ಲಾಸಿನಷ್ಟು ಬ್ಯಾಚ್. ಅದು ಚೆನ್ನಾಗಿ ಹುಳಿ ಬಂದ ಮ್ಯಾಲ ಆ 200 ಮಿಲಿನೇ ಸ್ಟಾರ್ಟರ್ ಮಾಡ್ಕೊಂಡು 1.3 ಲೀಟರ್‌ವರೆಗೆ ಏರಿಸಬಹುದು. ಈಗಿಂದು ಚೆಲ್ಲಿದ್ ಮ್ಯಾಲ ಗೆಳತಿ ಹತ್ರ ಬಿಲ್ಲಿ ಕೇಳೋ ಬದ್ಲು ಆಕಿ ಜಾರಿನ ಹುಳಿ ನೀರು 150 ಮಿಲಿ ಇಸ್ಕೊಳ್ರಿ, 850 ಮಿಲಿ ಚಾ ಹಾಕಿ ಒಂದು ಲೀಟರ್ ಇಡ್ರಿ, 70 ಗ್ರಾಂ ಸಕ್ರಿ ಸಾಕು. ಚಾ ಪೂರ್ತಿ ತಣ್ಣಗಾದ ಮ್ಯಾಲೇ ಸ್ಟಾರ್ಟರ್ ಹಾಕ್ಬೇಕು. ಹಳೇ ಜಾರನ್ನ ಸೋಪಿನಿಂದ ತಿಕ್ಕಿ, ಕುದಿಯೋ ನೀರಿನ್ಯಾಗ ತೊಳದು, ಒಣಗಿಸಿದ ಮ್ಯಾಲೇ ಬಳಸ್ರಿ, ಜಾರಿನ ಬಾಯಿಗೆ ಕಟ್ಟಿದ್ದ ಬಟ್ಟಿ ಮಾತ್ರ ಬಿಸಾಕ್ರಿ ಅತ್ಲಾಗ.

ಕಲಸಿದ ಕೂಡಲೇ ಪಿಎಚ್ ಸ್ಟ್ರಿಪ್ ಅದ್ದಿ ನೋಡ್ರಿ. ನೀಲಿ-ಕೆಂಪು ಆಗೋ ಶಾಲೆ ಲಿಟ್ಮಸ್ ಅಲ್ಲ, ನಂಬರ್ ತೋರ್ಸೋದು, ಅದೂ 2ರಿಂದ 5ರ ಒಳಗ ಬಣ್ಣ ಬಿಡಿಸಿ ತೋರ್ಸೋದು. ಪಿಎಚ್ ನಂಬರ್ ಇಳಿದಷ್ಟೂ ಹುಳಿ ಜಾಸ್ತಿ. ಮೊದಲನೇ ದಿನವೇ 4.5 ಇಲ್ಲಾ ಅದಕ್ಕಿಂತ ಕಡಿಮಿ ಬರ್ಬೇಕು. ಬರ್ಲಿಲ್ಲ ಅಂದ್ರ ಇನ್ನಷ್ಟು ಸ್ಟಾರ್ಟರ್ ಹಾಕ್ರಿ, ಅದು ಇಲ್ದಿದ್ರ ಅಂಗಡಿಯ ಬಿಳಿ ವಿನೆಗರ್ ಸ್ವಲ್ಪ ಸ್ವಲ್ಪ ಹಾಕಿ ನೋಡ್ಕೋತ ಇಳಿಸ್ರಿ. ಒಂದು ವಾರದೊಳಗ 4.2ಕ್ಕಿಂತ ಕೆಳಗ ಇಳೀಬೇಕು, ಇಳೀಲಿಲ್ಲ ಅಂದ್ರ ಕಲ್ಚರ್ ಸತ್ತೈತಿ, ಚೆಲ್ರಿ. ಹೊಟ್ಟಿ ಕೆಡಿಸೋ ಬ್ಯಾಕ್ಟೀರಿಯಾ ಬಾಳಷ್ಟು ಆ ಹುಳಿಯೊಳಗ ಬೆಳೆಯಂಗಿಲ್ಲ, ಆದ್ರ ಕೆಲವು ಸ್ವಲ್ಪ ದಿನ ಜೀವ ಹಿಡ್ಕೊಂಡಿರ್ತಾವ, ಅದಕ್ಕೇ ಕೈ ತೊಳೀದಂಗ ಸ್ಕೋಬಿ ಮುಟ್ಟಬ್ಯಾಡ್ರಿ ಅನ್ನೋದು.

ನಮ್ಮ ಜಿಲ್ಲಾದಾಗ ಇನ್ನೊಂದು ತೊಡಕೈತಿ, ಬೋರಿನ ನೀರು. ಗಡಸು ನೀರಿನ್ಯಾಗ ಬೈಕಾರ್ಬನೇಟ್ ಇರ್ತೈತಿ, ಅದು ಹುಳೀನ ತಿಂದು ಬಿಡ್ತೈತಿ, ಅಳತಿ ಸರಿ ಹಾಕಿದ್ರೂ ಸ್ಟ್ರಿಪ್ 5ರ ಹತ್ರ ನಿಂತಿರ್ತೈತಿ. ಬೆಂಗಳೂರಿನೋರ ರೆಸಿಪಿ ನೋಡಿ ಅಷ್ಟಕ್ಕಷ್ಟೇ ಹಾಕಿದೋರಿಗೆ ಇಲ್ಲಿ ಕೆಡೋದಕ್ಕ ಇದೂ ಒಂದು ಕಾರಣ. ಇನ್ನೂ ದೊಡ್ಡ ಮಾತು, ಕೊಪ್ಪಳ ರಾಯಚೂರು ಬಳ್ಳಾರಿ ಕಡೆ ಬಾಳ ಊರಾಗ ಬೋರಿನ ನೀರಿನ್ಯಾಗ ಫ್ಲೋರೈಡ್ ಐತಿ, ಚಾ ಎಲಿಯೊಳಗೂ ಫ್ಲೋರೈಡ್ ಇರ್ತೈತಿ, ಕುದಿಸಿದ್ರ ಅದು ಹೋಗಂಗಿಲ್ಲ, ನೀರು ಇಂಗಿದಷ್ಟೂ ಗಟ್ಟಿ ಆಗ್ತೈತಿ. ಊರಿನ ಶುದ್ಧ ನೀರಿನ ಘಟಕದ ನೀರು ತಂದು ಮಾಡ್ರಿ.

ಆಮ್ಯಾಲ ನಮ್ಮ ಬ್ಯಾಸಗಿ. ಈ ಕಲ್ಚರ್‌ಗ 24ರಿಂದ 29 ಡಿಗ್ರಿ ಹಿಡಸ್ತೈತಿ, ನಮ್ಮ ಅಡಗಿಮನಿ ಮೇ ತಿಂಗಳಾಗ 38 ದಾಟ್ತೈತಿ. "ಹತ್ತು ದಿನ ಇಡ್ರಿ" ಅನ್ನೋ ಮಾತು ತಣ್ಣನ ಊರಿಂದು. ಇಲ್ಲಿ ಮೂರನೇ ದಿನದಿಂದ ದಿನಾ ಸ್ಟ್ರಿಪ್ ನೋಡ್ರಿ, 3ರ ಆಸುಪಾಸು ಬಂದ್ರ ಸೋಸಿ ಫ್ರಿಡ್ಜಿನ್ಯಾಗ ಇಡ್ರಿ. 2.5ಕ್ಕಿಂತ ಕೆಳಗ ಹೋದದ್ದು ಕುಡಿಯೋದಲ್ಲ, ನೀರು ಬೆರೆಸಿ ಕುಡೀತೀನಿ ಅಂತ ಹಟ ಮಾಡಬ್ಯಾಡ್ರಿ, ಸ್ಟಾರ್ಟರ್‌ಗ ಇಟ್ಕೊಳ್ರಿ. ಜಾರನ್ನ ಕೂಲರ್ ಗಾಳಿಗೆ ಇಡಬ್ಯಾಡ್ರಿ, ಒದ್ದಿ ಹುಲ್ಲಿನ ಪ್ಯಾಡಿನ ಮ್ಯಾಲಿಂದ ಬರೋ ಗಾಳಿ ಅದು. ಅಕ್ಕಿ ಚೀಲ, ಉಳ್ಳಾಗಡ್ಡಿ ಬುಟ್ಟಿ ಹತ್ರನೂ ಬ್ಯಾಡ.

ಪ್ರಶ್ನೆ: ನಮ್ಮ ಸೊಸಿ ಆರು ತಿಂಗಳ ಬಸುರಿ, ಮನ್ಯಾಗೇ ಮಾಡಿದ್ದು, ಒಂದು ಗ್ಲಾಸ್ ಕೊಡ್ಲೇನ್ರಿ? ಅವರ ಮಾವನವರಿಗೆ ಕಿಡ್ನಿ ತೊಂದ್ರಿ ಐತಿ, ಅವರಿಗೂ ಒಳ್ಳೇದು ಅಂತಾರ. (ಸಿಂಧನೂರು)

ಉತ್ತರ: ಇಬ್ಬರಿಗೂ ಬ್ಯಾಡ್ರಿ ಅಕ್ಕಾರ, ಒಂದು ಗುಟುಕೂ ಬ್ಯಾಡ. ಮನ್ಯಾಗ ಮಾಡಿದ್ದಕ್ಕೇ ನಾನು ಹೆಚ್ಚು ಹೆದರೋದು, ಅದನ್ನ ಕಾಸಿರಂಗಿಲ್ಲ, ಒಳಗ ಏನೇನು ಬದುಕೈತಿ ಗೊತ್ತಿಲ್ಲ. ಆಲ್ಕೋಹಾಲ್ ಕೂಡ ಇರ್ತೈತಿ, ಮನಿಯಂದ್ರಾಗ ನೂರಕ್ಕ ಒಂದು ಭಾಗ ದಾಟಬಹುದು, ಸೆಕಿ ದಿನದಾಗ ಬಾಟ್ಲಿಯೊಳಗ ಇಟ್ರ ಇನ್ನೂ ಜಾಸ್ತಿ. ಬಸುರಿಯರು, ಹಾಲುಣಿಸೋರು, ಸಣ್ಣ ಮಕ್ಕಳು, ಕಿಡ್ನಿ ಇಲ್ಲಾ ಲಿವರ್ ತೊಂದ್ರಿ ಇದ್ದೋರು, ಕ್ಯಾನ್ಸರ್ ಔಷಧ ತಗೊಳ್ಳೋರು, ಅಂಗ ಕಸಿ ಆದೋರು, ಎಚ್‌ಐವಿ ಇದ್ದೋರು ಇದನ್ನ ಮುಟ್ಟಬಾರದು. ಕುಡಿತ ಬಿಡಾಕ ಮಾತ್ರಿ ನುಂಗೋರೂ ಅಷ್ಟೇ, ಅದರ ಜೊತಿ ಸ್ವಲ್ಪ ಆಲ್ಕೋಹಾಲ್ ಹೋದ್ರೂ ಮೈಗೆ ಅಪಾಯ ಆಗ್ತೈತಿ. ಎದಿ ಉರಿ, ಹೊಟ್ಟಿ ಹುಣ್ಣು ಇದ್ದೋರಿಗೆ ಆಮ್ಲ ಆಗಂಗಿಲ್ಲ.

1995ರಾಗ ಅಮೆರಿಕದ ಅಯೋವಾದಾಗ ದಿನಾ ಕೊಂಬುಚಾ ಕುಡೀತಿದ್ದ ಇಬ್ಬರು ಹೆಣ್ಮಕ್ಕಳ ರಕ್ತದಾಗ ಆಮ್ಲ ವಿಪರೀತ ಏರಿ, ಒಬ್ರು ತೀರ್ಕೊಂಡ್ರು. ಕೊಂಬುಚಾದಿಂದಲೇ ಆತು ಅಂತ ರುಜುವಾತು ಆಗ್ಲಿಲ್ಲ. ಗಟ್ಟಿಮುಟ್ಟು ಇದ್ದೋರು ದಿನಕ್ಕ ಸುಮಾರು 120 ಮಿಲಿ ಕುಡಿದ್ರ ತೊಂದ್ರಿ ಆಗಲಿಕ್ಕಿಲ್ಲ ಅಂತ ಅಲ್ಲಿನ ಆರೋಗ್ಯ ಇಲಾಖೆ ಹೇಳಿತ್ತು, ರೋಗ ಇದ್ದೋರಿಗೆ ಆ ಮಾತು ಹೇಳ್ಲಿಲ್ಲ. ಕಿಡ್ನಿ ಕೆಲಸ ಮಾಡದೋರಿಗೆ ಆಮ್ಲ ಹೊರಗ ಹಾಕೋದೇ ಕಷ್ಟ, ಅಂಥೋರಿಗೆ ಆಮ್ಲ ಕುಡಿಸಿ "ಕಿಡ್ನಿ ತೊಳೀತೈತಿ" ಅಂತ ಹೇಳೋದು ಪಾಪದ ಕೆಲಸ. ಹೇಳಿದೋರನ್ನ ಡಾಕ್ಟರ್ ಮುಂದ ಕರ್ಕೊಂಡು ಹೋಗ್ರಿ.

ಪ್ರಶ್ನೆ: ದಿನಾ ಕುಡಿದ್ರ ಶುಗರ್ ಮಾತ್ರಿ ಬಿಡಬಹುದು ಅಂತ ಬಾಟ್ಲಿ ಮಾರೋರು ಹೇಳಿದ್ರು. (ಬಳ್ಳಾರಿ)

ಉತ್ತರ: ಮಾತ್ರಿ ಬಿಡಬ್ಯಾಡ್ರಿ, ಬಾಟ್ಲಿ ಬಿಡ್ರಿ, ಹಾಕಿದ ಸಕ್ರಿ ಅರ್ಧಕ್ಕಿಂತ ಹೆಚ್ಚು ಅದರಾಗೇ ಉಳಿದಿರಬಹುದು.

ಪ್ರಶ್ನೆ: ಅಮ್ಮನ ಉಪ್ಪಿನಕಾಯಿ ಜಾಡಿ ಇಲ್ಲಾ ತಾಮ್ರದ ಕೊಡ, ಯಾವುದರಾಗ ಮಾಡಿದ್ರ ಒಳ್ಳೇದು? (ಕುಷ್ಟಗಿ)

ಉತ್ತರ: ಎರಡೂ ಬ್ಯಾಡ, ಗಾಜು ಮಾತ್ರ. ಹುಳಿಗೆ ತಾಮ್ರ ಕರಗಿ ವಾಂತಿ ಆಗ್ತೈತಿ. ಜಾಡಿಯ ಹೊಳಪಿನ ಲೇಪದಾಗ ಸೀಸ ಇರಬಹುದು, ಆಸ್ಟ್ರೇಲಿಯಾದಾಗ ಗಂಡ ಹೆಂಡ್ತಿ ಇಬ್ಬರಿಗೆ ಪಿಂಗಾಣಿ ಪಾತ್ರಿಯೊಳಗಿನ ಕೊಂಬುಚಾದಿಂದ ಸೀಸದ ವಿಷ ಏರಿದ್ದು 1998ರಾಗ ವರದಿ ಆಗೈತಿ.

ಪ್ರಶ್ನೆ: ಸಕ್ರಿ ಬದ್ಲು ಜೇನು ಹಾಕಿ ಗ್ರೀನ್ ಟೀ ಒಳಗ ಮಾಡೋ ಜುನ್ ಸೇಫ್ ಅಂತಾರ, ಹೌದೇನು? (ರಾಯಚೂರು)

ಉತ್ತರ: ಇಲ್ಲ, ಮ್ಯಾಲ ಹೇಳಿದ್ದೆಲ್ಲಾ ಜುನ್‌ಗೂ ಅನ್ವಯಿಸ್ತೈತಿ, ವರ್ಷ ತುಂಬದ ಕೂಸಿಗೆ ಜೇನೇ ಕೊಡಬಾರದು.

ಪ್ರಶ್ನೆ: ಮಾವಿನ ರಸ ಹಾಕಿ ಬಿಗಿ ಮುಚ್ಚಿಟ್ಟ ಬಾಟ್ಲಿ ರಾತ್ರಿ ಒಡದು ಗಾಜು ಅಡಗಿಮನಿ ತುಂಬಾ ಹಾರಿತ್ತು. ಇನ್ನೂ ನಾಲ್ಕು ಹಂಗೇ ಅದಾವ, ಏನ್ ಮಾಡ್ಲಿ? (ಹೊಸಪೇಟೆ ರಸ್ತೆ, ಕೊಪ್ಪಳ)

ಉತ್ತರ: ಅಲ್ಲಾಡಿಸಬ್ಯಾಡ್ರಿ. ಪ್ರತಿ ಬಾಟ್ಲಿಗೂ ದಪ್ಪ ಟವೆಲ್ ಸುತ್ತಿ, ಮುಖ ದೂರ ಇಟ್ಕೊಂಡು ಮೆಲ್ಲಗ ಫ್ರಿಡ್ಜಿಗೆ ಸೇರಿಸ್ರಿ, ಒಂದು ದಿನ ತಣ್ಣಗಾದ ಮ್ಯಾಲ ಟವೆಲ್ ತೆಗೀದಂಗೇ ಸಿಂಕಿನ್ಯಾಗ ಮುಚ್ಚಳ ಸಡಿಲ ಮಾಡ್ರಿ. ಒಡೆದ ಬಾಟ್ಲಿ ಹತ್ರ ತೆರೆದಿಟ್ಟಿದ್ದ ಊಟ ಇದ್ರ ಅದನ್ನೂ ಚೆಲ್ರಿ, ಗಾಜಿನ ಚೂರು ಕಾಣಂಗಿಲ್ಲ. ಮುಂದಿನ ಸರ್ತಿ ಹಣ್ಣಿನ ರಸ ಕುಡಿಯೋ ಹೊತ್ತಿಗೆ ಗ್ಲಾಸಿನ್ಯಾಗ ಬೆರೆಸ್ಕೊಳ್ರಿ.