ಶೇಕಡಾ 60 ಲಾಭ, ಆದರೆ ಎಷ್ಟರ ಮೇಲೆ?

"ಆಫೀಸಿನ ಗೆಳೆಯರೆಲ್ಲ ಷೇರಿನಲ್ಲಿ ಶೇಕಡಾ 60 ಲಾಭ ಅಂತಾರೆ. ನನ್ನ 5 ಲಕ್ಷದ ಎಫ್‌ಡಿ ಮುರಿದು ಹಾಕಲಾ?"

ಮುರಿಯಬೇಡಿ. ಮುಂದಿನ ಸಲ ದರ್ಶಿನಿಯಲ್ಲಿ ಬೈಟು ಕಾಫಿ ಕುಡಿಯುವಾಗ ಅವರನ್ನು ಕೇಳಿ: ಎಷ್ಟು ಹಾಕಿದ್ರಿ? ಮಾರಿದ್ರಾ? 20,000 ಹಾಕಿದ್ದರೆ ಲಾಭ 12,000 ಅಷ್ಟೇ. ವರ್ಷದೊಳಗೆ ಮಾರಿದರೆ ಅದರ ಮೇಲೆ ಶೇಕಡಾ 20 ತೆರಿಗೆ ಇದೆ. ಮಾರದಿದ್ದರೆ ಅದು ಆ್ಯಪ್‌ನಲ್ಲಿ ಕಾಣುವ ಅಂಕಿ, ನಾಳೆ ಇಳಿಯಬಹುದು. ನಿಮ್ಮ ಎಫ್‌ಡಿಗೆ ಶೇಕಡಾ 7 ಬಡ್ಡಿ ಅಂದುಕೊಂಡರೂ ವರ್ಷಕ್ಕೆ 35,000 ಬರುತ್ತದೆ (ಅದಕ್ಕೂ ತೆರಿಗೆ ಇದೆ, ಬಿಡಿ). ಅಂದಹಾಗೆ, ನಷ್ಟವಾದ ಷೇರುಗಳ ಹೆಸರನ್ನು ಅವರು ಯಾವತ್ತಾದರೂ ಹೇಳಿದ್ದಾರಾ?

ಆದರೂ ಷೇರು ಬೇಕು ಅನಿಸಿದರೆ ಸಂಬಳದಲ್ಲಿ ಸ್ವಲ್ಪ ತೆಗೆದು, ನಿಫ್ಟಿಯಂಥ ಸೂಚ್ಯಂಕದ ಷೇರುಗಳನ್ನೆಲ್ಲ ಕೊಳ್ಳುವ ಇಂಡೆಕ್ಸ್ ಫಂಡ್‌ನಲ್ಲಿ ತಿಂಗಳು ತಿಂಗಳು ಹಾಕುವ ಎಸ್‌ಐಪಿ ಶುರು ಮಾಡಿ. ಏಳೆಂಟು ವರ್ಷ ಬೇಡದ ದುಡ್ಡು ಮಾತ್ರ.