ಬಟ್ಟೆಯ ಹೆಸರು ಬಿಡಿ, ಕಾರಣ ಬರೆಯಿರಿ

ಓದುಗರ ಪತ್ರ: ನಮ್ಮದು ಸುಮಾರು ಇನ್ನೂರು ಮಂದಿ ದುಡಿಯುವ ಔಷಧ ತಯಾರಿಕಾ ಘಟಕ. ಉಡುಪು ನೀತಿಯ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪೇಟ, ಹಿಜಾಬ್, ಶಿಲುಬೆ, ಮಾಂಗಲ್ಯ, ಕಡಗ, ಗಡ್ಡ ಎಂದು ಯಾವುದಕ್ಕೆ ಅನುಮತಿ, ಯಾವುದಕ್ಕೆ ಇಲ್ಲ ಎಂಬ ಪಟ್ಟಿ ಮಾಡಲು ಕುಳಿತೆ. ಎರಡು ವಾರವಾದರೂ ಪಟ್ಟಿ ಮುಗಿದಿಲ್ಲ. ನಿರ್ದೇಶಕರು ಮಾತ್ರ ‘ಎಲ್ಲರಿಗೂ ಒಂದೇ ನಿಯಮ, ವಿನಾಯಿತಿಯ ಮಾತೇ ಬೇಡ’ ಎನ್ನುತ್ತಾರೆ. ಯಾರ ಮನಸ್ಸನ್ನೂ ನೋಯಿಸದೆ, ಕೆಲಸಕ್ಕೂ ತೊಂದರೆಯಾಗದಂತೆ ಬರೆಯುವುದು ಹೇಗೆ?

ಸಂಪಾದಕರ ಉತ್ತರ: ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾನೊಂದು ಮುದ್ರಣಾಲಯದಲ್ಲಿದ್ದೆ. ಅಲ್ಲಿ ಇಂಥದೇ ಕರಡು ಬರೆಯುವ ಕೆಲಸ ನನಗೂ ಒದಗಿತ್ತು. ತಿರುಗುವ ಉರುಳೆಗಳ ಹತ್ತಿರ ಬಟ್ಟೆ ಸಿಕ್ಕಿಕೊಳ್ಳುವ ಅಪಾಯವಿದೆ ಎಂದು ‘ಯಂತ್ರದ ಬಳಿ ದುಪಟ್ಟಾ, ಸೆರಗು ನಿಷೇಧ’ ಎಂದು ಬರೆದೆ. ತಿಂಗಳೊಳಗೆ ಉರುಳೆಗೆ ಸಿಕ್ಕಿದ್ದು ಮೇಲ್ವಿಚಾರಕರ ನೆಕ್‌ಟೈ. ಪಕ್ಕದಲ್ಲಿದ್ದವರು ಯಂತ್ರ ನಿಲ್ಲಿಸಿದ್ದರಿಂದ ಕುತ್ತಿಗೆ ಉಳಿಯಿತು. ನನ್ನ ನಿಯಮದಲ್ಲಿ ಟೈ ಇರಲಿಲ್ಲ, ಏಕೆಂದರೆ ಬರೆಯುವಾಗ ನನ್ನ ಕಣ್ಣ ಮುಂದೆ ಅಪಾಯ ಇರಲಿಲ್ಲ, ಯಾರೋ ಕೆಲವರ ಉಡುಪು ಇತ್ತು. ‘ಇಳಿಬಿದ್ದ ಬಟ್ಟೆ, ದಾರ, ಸರ ಯಾವುದೇ ಇರಲಿ, ಯಂತ್ರದ ಬಳಿ ಮೇಲಂಗಿಯ ಒಳಗೆ ಸೇರಿಸಿರಬೇಕು’ ಎಂದಿದ್ದರೆ ಟೈ ಕೂಡ ಅದರಲ್ಲಿ ಬರುತ್ತಿತ್ತು.

ಆದ್ದರಿಂದ ಆ ಪಟ್ಟಿಯನ್ನು ಪಕ್ಕಕ್ಕಿಡಿ. ಅದು ಮುಗಿಯುವಂಥದಲ್ಲ. ನಾಳೆ ಬರುವ ಹೊಸಬರು ನೀವು ಕೇಳಿಯೇ ಇರದ ಒಂದು ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಬರಬಹುದು. ಪಟ್ಟಿಯಲ್ಲಿಲ್ಲದ್ದು ನಿಷಿದ್ಧವೋ ಅನುಮತವೋ ಎಂಬ ಜಗಳ ಅಂದೇ ಶುರುವಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಯಾವುದು ನಿಜವಾದ ಧಾರ್ಮಿಕ ಉಡುಪು, ಯಾವುದು ಬರೀ ರೂಢಿ ಎಂದು ತೀರ್ಪು ಕೊಡುವ ಕುರ್ಚಿಯಲ್ಲಿ ಸಿಬ್ಬಂದಿ ವಿಭಾಗದವರಾದ ನೀವು ಕುಳಿತಿರುತ್ತೀರಿ.

ಈಗಿರುವ ನಿಯಮಗಳನ್ನು ಒಂದೊಂದಾಗಿ ಹಿಡಿದು, ‘ಇದನ್ನು ಪಾಲಿಸದಿದ್ದರೆ ಏನಾಗುತ್ತದೆ?’ ಎಂದು ಕೇಳಿ. ಯಾರಿಗೋ ಗಾಯವಾಗುತ್ತದೆ ಅಥವಾ ಔಷಧ ಕೆಡುತ್ತದೆ ಎಂಬ ಉತ್ತರ ಬಂದರೆ ನಿಯಮ ಉಳಿಯಲಿ. ಸಿಬ್ಬಂದಿ ಯಾರು, ಹೊರಗಿನವರು ಯಾರು ಎಂದು ಗುರುತಾಗುವುದಿಲ್ಲ ಎಂಬ ಉತ್ತರ ಬಂದರೆ ಅದಕ್ಕೆ ಗುರುತಿನ ಚೀಟಿ, ಮೇಲಂಗಿಯ ಬಣ್ಣ ಸಾಕು. ‘ನೋಡಲು ಚೆನ್ನಾಗಿರುವುದಿಲ್ಲ’ ಎಂಬುದೊಂದೇ ಉತ್ತರವಾದರೆ ಆ ಸಾಲನ್ನು ಹೊಡೆದುಹಾಕಲು ಹಿಂಜರಿಯಬೇಡಿ. ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಎರಡು ಪುಟ ಇದ್ದರೆ ಅವೂ ಈ ಪರೀಕ್ಷೆಯಲ್ಲಿ ಒಂದಾಗಿಬಿಡುತ್ತವೆ.

ತಲೆಯ ಮಾತನ್ನೇ ತೆಗೆದುಕೊಳ್ಳಿ. ‘ಟೋಪಿ, ಸ್ಕಾರ್ಫ್ ಧರಿಸಿ ಒಳಗೆ ಬರಬಾರದು’ ಎಂಬ ಸಾಲು ಅನೇಕ ಕಾರ್ಖಾನೆಗಳ ಗೋಡೆಯ ಮೇಲಿರುತ್ತದೆ. ಉತ್ಪಾದನಾ ಕೊಠಡಿಯ ನಿಜವಾದ ಭಯ ಉದುರುವ ಕೂದಲು. ಹಾಗಿದ್ದರೆ ತಲೆ ಮುಚ್ಚಿಕೊಂಡವರು ನಿಮ್ಮ ಅರ್ಧ ಕೆಲಸವನ್ನು ಆಗಲೇ ಮಾಡಿ ಮುಗಿಸಿದ್ದಾರೆ. ಉಳಿದ ಚಿಂತೆ ಮನೆಯಿಂದ ಉಟ್ಟು ಬಂದ ಬಟ್ಟೆಯದು: ಅದು ಎಳೆ ಉದುರಿಸುತ್ತದೆ, ಹೊರಗಿನ ದೂಳು ತರುತ್ತದೆ. ಹೀಗೆ ಬರೆಯಬಹುದು: ‘ಉತ್ಪಾದನಾ ಕೊಠಡಿಯಲ್ಲಿ ತಲೆ ಮತ್ತು ಮುಖದ ಕೂದಲು ಪೂರ್ತಿ ಮುಚ್ಚಿರಬೇಕು. ಸಂಸ್ಥೆ ಕೊಡುವ, ಎಳೆ ಉದುರದ ಹೊದಿಕೆ ಎಲ್ಲಕ್ಕಿಂತ ಮೇಲಿರಬೇಕು. ಒಳಗೆ ಏನು ಧರಿಸಬೇಕೆಂಬುದು ನೌಕರರಿಗೆ ಬಿಟ್ಟದ್ದು.’ ಇಷ್ಟು ಬರೆದ ಮೇಲೆ ಉಗ್ರಾಣಕ್ಕೆ ಹೋಗಿ ನೋಡಿ. ಪೇಟದ ಮೇಲೆ ಕೂರುವಷ್ಟು ದೊಡ್ಡ ಹೊದಿಕೆ ಅಲ್ಲಿಲ್ಲದಿದ್ದರೆ ಕಾಗದದ ಮೇಲಿನ ಅನುಮತಿ ಬಾಗಿಲಲ್ಲೇ ನಿಷೇಧವಾಗುತ್ತದೆ. ಸ್ಕಾರ್ಫಿಗೆ ಚುಚ್ಚುವ ಪಿನ್ನುಗಳದು ಇನ್ನೊಂದು ಸಮಸ್ಯೆ. ಕಳಚಿ ಬಿದ್ದ ಪಿನ್ನು ಮಾತ್ರೆಯ ಪುಡಿಯಲ್ಲಿ ಸೇರಿದರೆ ಆ ಸಲ ಒಟ್ಟಿಗೆ ತಯಾರಾದ ಮಾಲೆಲ್ಲ ಅನುಮಾನಕ್ಕೆ ಬೀಳುತ್ತದೆ. ತಲೆಯ ಮೇಲಿಂದ ಎಳೆದು ಹಾಕಿಕೊಳ್ಳುವ, ಪಿನ್ನೇ ಬೇಡದ ಸ್ಕಾರ್ಫುಗಳನ್ನು ಸಂಸ್ಥೆಯ ಖರ್ಚಿನಲ್ಲೇ ಒದಗಿಸಿ, ಸಂಸ್ಥೆಯೇ ಒಗೆಸಲಿ.

ಕೈಯ ಆಭರಣಕ್ಕೂ ಇದೇ ದಾರಿ. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯ ಉಡುಪು ಮಾರ್ಗಸೂಚಿಯನ್ನು ಒಮ್ಮೆ ಓದಿ. ರೋಗಿಯನ್ನು ಮುಟ್ಟುವ ಸಿಬ್ಬಂದಿಯ ಕೈ ಮೊಣಕೈಯಿಂದ ಕೆಳಗೆ ಬರಿದಾಗಿರಬೇಕೆಂಬುದು ಅಲ್ಲಿನ ಕಟ್ಟುನಿಟ್ಟು, ಏಕೆಂದರೆ ಕೈಯನ್ನು ಮಣಿಕಟ್ಟಿನವರೆಗೂ ತೊಳೆಯಬೇಕು. ತೋಳು ಮುಚ್ಚಿಕೊಳ್ಳುವ ನಂಬಿಕೆಯವರಿಗೆ ಅವರು ಕಂಡುಕೊಂಡ ದಾರಿ ಒಮ್ಮೆ ಬಳಸಿ ಎಸೆಯುವ ತೋಳುಚೀಲ. ಅದನ್ನು ಕೈಗವಸಿನಂತೆಯೇ ಹಾಕಿ, ಕೈಗವಸಿನಂತೆಯೇ ಎಸೆಯಬೇಕು. ಕಡಗವಾದರೆ ಕೈ ತೊಳೆಯುವಾಗ ಮತ್ತು ರೋಗಿಯನ್ನು ನೋಡುವಾಗ ಮೇಲಕ್ಕೆ ಸರಿಸಿ ಜಾರದಂತೆ ಭದ್ರಪಡಿಸಬೇಕು. ತೊಳೆಯುವ ನಿಯಮ ಇಲ್ಲಿ ಒಂದಿಷ್ಟೂ ಸಡಿಲವಾಗಿಲ್ಲ ಎಂಬುದನ್ನು ಗಮನಿಸಿ.

ನಿಮ್ಮ ಪಟ್ಟಿಯಲ್ಲಿ ನಿಜಕ್ಕೂ ಕಷ್ಟದ್ದು ಗಡ್ಡ. ಔಷಧದ ಪುಡಿ ತೂಗುವ ಕಡೆ ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್ ಬೇಕಾಗುತ್ತದೆ. ಅದರ ಅಂಚು ಚರ್ಮಕ್ಕೆ ಅಂಟಿಕೊಂಡಿದ್ದರೆ ಮಾತ್ರ ಗಾಳಿ ಶೋಧಕದ ಮೂಲಕ ಹಾದುಬರುತ್ತದೆ. ನಡುವೆ ಕೂದಲಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದಲೇ ನುಗ್ಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಇಲಾಖೆಯ ನಿಯಮ ಇದರಲ್ಲಿ ಸ್ಪಷ್ಟ: ಅಂಚಿಗೂ ಚರ್ಮಕ್ಕೂ ನಡುವೆ ಮುಖದ ಕೂದಲು ಬರುವಂತಿದ್ದರೆ ಅಂಥ ಮುಖವಾಡ ತೊಡಿಸಕೂಡದು. ಎರಡು ದಿನ ಬೋಳಿಸದ ಗಡ್ಡಕ್ಕೂ ಇದು ಅನ್ವಯಿಸುತ್ತದೆ. ಇಲ್ಲಿ ಭಕ್ತಿಗೂ ಸೋಮಾರಿತನಕ್ಕೂ ಭೇದವಿಲ್ಲ.

ಹಾಗೆಂದು ‘ಗಡ್ಡ ಬೋಳಿಸಿ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ನಿಮ್ಮಲ್ಲಿ ಪುಡಿ ತೂಗುವವರು ಹನ್ನೆರಡು ಮಂದಿ ಎಂದಿಟ್ಟುಕೊಳ್ಳೋಣ, ಅವರಲ್ಲಿ ಇಬ್ಬರು ನಂಬಿಕೆಯ ಕಾರಣಕ್ಕೆ ಗಡ್ಡ ಬಿಟ್ಟವರು. ಮೊದಲನೆಯದಾಗಿ, ನಿಯಮ ಆ ಹನ್ನೆರಡು ಮಂದಿಗೆ ಮಾತ್ರ. ಲೆಕ್ಕಪತ್ರ ವಿಭಾಗದ ಗುಮಾಸ್ತರಿಗೆ ಅದರ ಗೊಡವೆ ಬೇಡ. (ಇಡೀ ಸಂಸ್ಥೆಗೆ ಒಂದೇ ಸಾಲು ಬರೆದು ಮೈಮೇಲೆ ಎಳೆದುಕೊಂಡವರನ್ನು ಸಾಕಷ್ಟು ನೋಡಿದ್ದೇನೆ.) ಎರಡನೆಯದಾಗಿ, ಆ ಇಬ್ಬರಿಗೆ ಬ್ಯಾಟರಿಯಿಂದ ನಡೆಯುವ, ಸಡಿಲ ಮುಸುಕಿನ ರೆಸ್ಪಿರೇಟರ್ ಕೊಡಬಹುದು. ಸೊಂಟದಲ್ಲಿರುವ ಪುಟ್ಟ ಫ್ಯಾನು ಶೋಧಿಸಿದ ಗಾಳಿಯನ್ನು ಮುಸುಕಿನೊಳಕ್ಕೆ ತಳ್ಳುತ್ತಲೇ ಇರುವುದರಿಂದ ಅಂಚು ಚರ್ಮಕ್ಕೆ ಅಂಟಬೇಕಾಗಿಲ್ಲ, ಅಂಚು ಬಿಗಿಯಾಗಿ ಕೂತಿದೆಯೇ ಎಂದು ನೋಡುವ ಫಿಟ್ ಪರೀಕ್ಷೆಯೂ ಬೇಕಾಗಿಲ್ಲ. ಕೊಳ್ಳುವಾಗ ಎಚ್ಚರವಿರಲಿ: ಇದೇ ಫ್ಯಾನು ಬಿಗಿ ಮುಖವಾಡದ ಜೊತೆಗೂ ಮಾರಾಟವಾಗುತ್ತದೆ, ಅದನ್ನು ತಂದರೆ ಗಡ್ಡದ ಸಮಸ್ಯೆ ಇದ್ದಲ್ಲೇ ಇರುತ್ತದೆ. ಮುಸುಕಿನ ರಕ್ಷಣೆಯ ಮಟ್ಟ ನಿಮ್ಮ ಪುಡಿಗೆ ಸಾಕೇ ಎಂದು ಸುರಕ್ಷತಾ ಅಧಿಕಾರಿಯಿಂದ ಬರಹದಲ್ಲಿ ಪಡೆಯಿರಿ. ಬೆಲೆ ಹೆಚ್ಚು, ಬ್ಯಾಟರಿಯನ್ನು ಪ್ರತಿ ಪಾಳಿಗೂ ತುಂಬಿಸಬೇಕು, ಗಾಳಿಯ ಹರಿವನ್ನು ತೊಡುವ ಮೊದಲು ಅಳೆಯಬೇಕು. ಅದು ನಿಮ್ಮ ಘಟಕದಲ್ಲಿ ಸಾಧ್ಯವೇ ಇಲ್ಲವಾದರೆ ಸಂಬಳ, ದರ್ಜೆ ಕಡಿಮೆಯಾಗದ ಬೇರೆ ಕೆಲಸ ಕೊಡುವುದು ಕೊನೆಯ ದಾರಿ. ಉಸಿರಾಡುವ ಗಾಳಿಯ ಸಿಲಿಂಡರನ್ನು ಬಿಗಿ ಮುಖವಾಡದೊಂದಿಗೆ ಹೊತ್ತು ನಡೆಸುವ ರಕ್ಷಣಾ ಕಾರ್ಯದಂಥ ಕಡೆ ಮಾತ್ರ ಈ ಮುಸುಕು ನಡೆಯುವುದಿಲ್ಲ. ಅಲ್ಲಿ ‘ಆಗುವುದಿಲ್ಲ’ ಎಂದು ನೇರವಾಗಿ ಹೇಳಿ, ಕಾರಣ ಬರೆದುಕೊಡಿ.

ಇನ್ನು ನಿಮ್ಮ ನಿರ್ದೇಶಕರಿಗೆ ಒಂದು ತೀರ್ಪನ್ನು ಓದಲು ಕೊಡಿ. 2013ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಶಿಲುಬೆಯ ಸರದ ಎರಡು ಪ್ರಕರಣಗಳನ್ನು ಒಂದೇ ತೀರ್ಪಿನಲ್ಲಿ ಬಗೆಹರಿಸಿತು. ಬ್ರಿಟಿಷ್ ಏರ್‌ವೇಸ್ ಸಂಸ್ಥೆಯ ನೌಕರರಾದ ನಾಡಿಯಾ ಇವೈಡಾ ಗೆದ್ದರು. ಸಂಸ್ಥೆಯ ವರ್ಚಸ್ಸಿನ ಹೊರತು ಬೇರೆ ಕಾರಣ ಅಲ್ಲಿರಲಿಲ್ಲ. ಪೇಟ, ಹಿಜಾಬುಗಳಿಗೆ ಅದೇ ಸಂಸ್ಥೆ ಮೊದಲೇ ಒಪ್ಪಿತ್ತು, ಅವುಗಳಿಂದ ವರ್ಚಸ್ಸು ಕುಂದಿದ್ದಕ್ಕೆ ಪುರಾವೆಯೂ ಇರಲಿಲ್ಲ. ಆಸ್ಪತ್ರೆಯ ದಾದಿ ಶರ್ಲಿ ಚಾಪ್ಲಿನ್ ಸೋತರು. ರೋಗಿ ಸರ ಹಿಡಿದೆಳೆಯಬಹುದು, ಗಾಯಕ್ಕೆ ತಾಗಬಹುದು ಎಂಬುದು ಆಸ್ಪತ್ರೆಯ ಕಾರಣ. ಜೊತೆಗೆ ಶಿಲುಬೆಯನ್ನು ಸಮವಸ್ತ್ರಕ್ಕೆ ಚುಚ್ಚುವ ಪದಕವಾಗಿ ಧರಿಸುವ ದಾರಿಯನ್ನೂ ಅದು ಮುಂದಿಟ್ಟಿತ್ತು. ವಸ್ತು ಒಂದೇ, ಫಲ ಬೇರೆ. ಇದರಿಂದ ಎಲ್ಲ ದೇಶಗಳ ಕಾನೂನೂ ಹೀಗೇ ಎಂದುಕೊಳ್ಳಬೇಡಿ. ಎಲ್ಲ ಧರ್ಮದ ಚಿಹ್ನೆಗಳನ್ನೂ ಸಮಾನವಾಗಿ ದೂರವಿಡುವ ನೀತಿಗೆ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಕೆಲವು ಷರತ್ತುಗಳ ಮೇಲೆ ಅವಕಾಶ ಕೊಟ್ಟಿದೆ. ಅಂತಿಮ ಕರಡನ್ನು ನಿಮ್ಮ ವಕೀಲರು ನೋಡಲೇಬೇಕು.

ನಿಯಮ ಪಾಲಿಸಲು ತೊಡಕಾದವರು ಮನವಿ ಕೊಡುವ ವಿಧಾನವನ್ನು ಬರೆಯುವಾಗ ಬಹಳ ಮಂದಿ ಎಡವುವ ಮಾತೊಂದಿದೆ: ‘ವ್ಯವಸ್ಥಾಪಕರ ವಿವೇಚನೆಗೆ ಬಿಟ್ಟದ್ದು’. ಹಗಲು ಪಾಳಿಯಲ್ಲಿ ಸಿಕ್ಕ ಅನುಮತಿ ರಾತ್ರಿ ಪಾಳಿಯಲ್ಲಿ ಸಿಗದಿರುವುದು ಈ ಮಾತಿನಿಂದಲೇ. ಬದಲಿಗೆ ಯಾರಿಗೆ ಅರ್ಜಿ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ (ಏಳು ಕೆಲಸದ ದಿನ ಸಾಕು), ಅಲ್ಲಿಯವರೆಗೆ ಏನು ವ್ಯವಸ್ಥೆ, ನಿರಾಕರಿಸಿದರೆ ಮರುಪರಿಶೀಲಿಸುವವರು ಯಾರು ಎಂದು ಬರೆಯಿರಿ. ಅರ್ಜಿಯಲ್ಲಿ ಕೇಳಬೇಕಾದದ್ದು ಏನನ್ನು ಧರಿಸುತ್ತೀರಿ, ಅದು ಯಾವ ಕೆಲಸದಲ್ಲಿ ನಿಯಮಕ್ಕೆ ಅಡ್ಡ ಬರುತ್ತದೆ ಎಂಬುದನ್ನು ಮಾತ್ರ. ಧರ್ಮಗುರುಗಳ ಪತ್ರ ತನ್ನಿ ಎನ್ನಬೇಡಿ. ಹೊಸಬರಿಗೆ ನೀತಿಯನ್ನು ಸಂದರ್ಶನದ ಹೊತ್ತಿಗೇ ಕೊಟ್ಟು, ‘ಇದರಲ್ಲಿ ಪಾಲಿಸಲು ತೊಡಕಾಗುವುದು ಏನಾದರೂ ಇದೆಯೇ?’ ಎಂದು ಎಲ್ಲರನ್ನೂ ಕೇಳಿ. ತಲೆವಸ್ತ್ರ ಧರಿಸಿ ಸಂದರ್ಶನಕ್ಕೆ ಬಂದ ಯುವತಿಗೆ ಅಬರ್‌ಕ್ರಾಂಬಿ ಅಂಡ್ ಫಿಚ್ ಎಂಬ ಉಡುಪು ಕಂಪನಿ ಕೆಲಸ ಕೊಡದಿದ್ದ ಪ್ರಕರಣದಲ್ಲಿ, ಆಕೆ ವಿನಾಯಿತಿ ಕೇಳಿರಲಿಲ್ಲವೆಂಬ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2015ರಲ್ಲಿ ಒಪ್ಪಲಿಲ್ಲ. ಊಹಿಸಿಕೊಂಡು ಸುಮ್ಮನಿರುವುದಕ್ಕಿಂತ ಕೇಳುವುದು ವಾಸಿ.

ಕರಡು ಮುಗಿದ ಮೇಲೆ ಅದನ್ನು ಒಬ್ಬ ಪಾಳಿ ಮೇಲ್ವಿಚಾರಕರ ಕೈಗೆ ಕೊಟ್ಟು, ಎದುರಿಗಿರುವವರ ಧರ್ಮ ಯಾವುದೆಂದು ತಿಳಿಯದೆಯೇ ಅದನ್ನು ಜಾರಿಗೆ ತರಲು ಸಾಧ್ಯವೇ ಎಂದು ಕೇಳಿ. ಸಾಧ್ಯವಿಲ್ಲ ಎಂದ ಸಾಲುಗಳನ್ನು ತಿದ್ದಿ. ಆಗ ‘ಎಲ್ಲರಿಗೂ ಒಂದೇ ನಿಯಮ’ ಎಂಬ ನಿರ್ದೇಶಕರ ಮಾತನ್ನು ಮೊದಲ ಸಾಲಾಗಿಯೇ ಇಡಬಹುದು, ಅವರಿಗೂ ಸಂತೋಷವಾದೀತು. ಪಿನ್ನಿಲ್ಲದ ಸ್ಕಾರ್ಫು ಮತ್ತು ದೊಡ್ಡ ಹೊದಿಕೆಗಳನ್ನು ತರಿಸಲು ಮಾತ್ರ ಕರಡಿಗಾಗಿ ಕಾಯಬೇಡಿ, ಈ ವಾರವೇ ಬೇಡಿಕೆ ಕಳುಹಿಸಿ.