ಏಳು ಸಲ ಕ್ಷಮೆ, ತಾರೀಖು ಮಾತ್ರ ಇಲ್ಲ

ಓದಲಿಕ್ಕೆಂದು ಕೆಲಸ ಬಿಡುವ ನರ್ಸ್‌ಗಳು ಆಪ್ತ ಸಮಾಲೋಚಕಿಯಾದ ನನ್ನ ಬಳಿ ಬರುವುದು ಹೊಸದೇನಲ್ಲ. ಓದಬೇಕೋ ಬೇಡವೋ ಎಂದು ಕೇಳಲು ಅವರು ಬರುವುದಿಲ್ಲ, ಅದನ್ನು ನಿರ್ಧಾರ ಮಾಡಿಕೊಂಡೇ ಬಂದಿರುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ, ಡ್ಯೂಟಿಗೆ ಹೋಗುವಾಗ ಹೊಟ್ಟೆಯಲ್ಲಿ ಸಂಕಟ ಅನ್ನುತ್ತಾರೆ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಬ್ಯಾಗಿನಿಂದ ಮಡಚಿದ ಕಾಗದವೊಂದು ಹೊರಗೆ ಬರುತ್ತದೆ. ಕೊಡದೇ ಇಟ್ಟುಕೊಂಡ ರಾಜೀನಾಮೆ ಪತ್ರ.

ಸವಿತಾ (ಹೆಸರು, ಊರು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯಿದೆ) ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಡಯಾಲಿಸಿಸ್ ಘಟಕದಲ್ಲಿ ಐದು ವರ್ಷದ ಹತ್ತಿರ ಇದ್ದವರು. ಬಿ.ಎಸ್‌ಸಿ. ನರ್ಸಿಂಗ್ ಆಗಿತ್ತು, ಈಗ ಎಂ.ಎಸ್‌ಸಿ.ಗೆ ಸೀಟು ಸಿಕ್ಕಿತ್ತು. ಅದಕ್ಕೆ ಕನಿಷ್ಠ ಒಂದು ವರ್ಷದ ಅನುಭವ ಬೇಕು, ಇವರ ಬಳಿ ಅದರ ಐದು ಪಟ್ಟು ಇತ್ತು. ಮನೆಯಲ್ಲಿ ಅಪ್ಪನಿಗೆ ಮದುವೆಯ ಚಿಂತೆ. ಅದು ಬೇರೆಯದೇ ಕತೆ, ನಮ್ಮ ಮೂರು ಭೇಟಿಗಳಲ್ಲಿ ಅದಕ್ಕೆ ಹತ್ತು ನಿಮಿಷವೂ ಹೋಗಲಿಲ್ಲ.

ಪತ್ರ ಎರಡು ಪುಟ ಇತ್ತು. ನಾನು ಪೆನ್ಸಿಲ್ ಹಿಡಿದು ಓದಿದೆ. ‘ಕ್ಷಮಿಸಿ’ ಅನ್ನುವುದು ಏಳು ಕಡೆ ಬಂದಿತ್ತು. ಸಿಬ್ಬಂದಿ ಕಡಿಮೆ ಇರುವಾಗ ಹೋಗುತ್ತಿರುವುದಕ್ಕೆ ಕ್ಷಮೆ, ಆಸ್ಪತ್ರೆ ಕೊಟ್ಟ ತರಬೇತಿಯ ಋಣ ತೀರಿಸದಿರುವುದಕ್ಕೆ ಕ್ಷಮೆ, ರೋಗಿಗಳನ್ನು ನಡುನೀರಿನಲ್ಲಿ ಬಿಟ್ಟು ಹೋಗುವುದಕ್ಕೆ ಕ್ಷಮೆ. ‘ನಿಮಗೆ ಅನುಕೂಲವಾದಾಗ ನನ್ನನ್ನು ಬಿಡುಗಡೆ ಮಾಡಬೇಕೆಂದು ಬೇಡುತ್ತೇನೆ’ ಎಂದಿತ್ತು. ‘ಹೋದ ಮೇಲೂ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ’ ಎಂದೂ ಇತ್ತು. ಕೊನೆಯ ಕೆಲಸದ ದಿನ ಯಾವುದು ಅನ್ನುವುದು ಮಾತ್ರ ಎರಡು ಪುಟದಲ್ಲಿ ಎಲ್ಲೂ ಇರಲಿಲ್ಲ.

ಇಂಥ ಪತ್ರ ಕೊಟ್ಟರೆ ಏನಾಗುತ್ತದೆಂದು ಹಿಂದಿನ ಪ್ರಕರಣಗಳಿಂದ ನನಗೆ ಗೊತ್ತು. ‘ಅನುಕೂಲವಾದಾಗ’ ಎಂದು ಬರೆದವರಿಗೆ ಆ ಅನುಕೂಲ ಬರುವುದೇ ಇಲ್ಲ. ಬದಲಿ ಜನ ಸಿಗಲಿ, ತಪಾಸಣೆ ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದೆ ಹೋಗುತ್ತದೆ. ಅಷ್ಟರಲ್ಲಿ ಕಾಲೇಜಿಗೆ ಸೇರುವ ಕೊನೆಯ ದಿನ ಬಂದಿರುತ್ತದೆ. ಆಗ ಹೇಳದೆ ಕೇಳದೆ ಬಿಟ್ಟು ಹೋಗುತ್ತಾರೆ. ಅನುಭವ ಪತ್ರವಿಲ್ಲ, ರಿಲೀವಿಂಗ್ ಪತ್ರವಿಲ್ಲ.

ಇಷ್ಟೆಲ್ಲ ಹೇಳಿ ಒಂದು ಮಾದರಿ ಪತ್ರ ಕೈಗಿಡಬಹುದಿತ್ತು. ಮೊದಲ ಭೇಟಿಯಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡಿದೆ. ಅವರು ತಲೆಯಾಡಿಸಿದರು, ಹೋದರು, ಮುಂದಿನ ವಾರ ಅದೇ ಎರಡು ಪುಟದ ಜೊತೆ ಬಂದರು. ಕ್ಷಮೆ ಏಳರಿಂದ ಐದಕ್ಕೆ ಇಳಿದಿತ್ತು, ಅಷ್ಟೇ.

ಆ ದಿನ ಕಾಗದ ಪಕ್ಕಕ್ಕಿಟ್ಟು ಕೇಳಿದೆ: ‘ಯಾರಾದ್ರೂ ಏನಾದ್ರೂ ಅಂದ್ರಾ?’

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬ ಅಜ್ಜನ ಕತೆ ಬಂತು. ಸೋಮವಾರ, ಬುಧವಾರ, ಶುಕ್ರವಾರ, ಪ್ರತಿ ಸಲ ನಾಲ್ಕು ಗಂಟೆಯ ಡಯಾಲಿಸಿಸ್. ಎಡಗೈಯಲ್ಲಿ ಫಿಸ್ಟುಲಾ, ಅಂದರೆ ರಕ್ತನಾಳಗಳೆರಡನ್ನು ಶಸ್ತ್ರಚಿಕಿತ್ಸೆಯಿಂದ ಜೋಡಿಸಿ ದಪ್ಪ ಮಾಡಿದ ಜಾಗ. ಅಲ್ಲಿ ಎರಡು ದಪ್ಪ ಸೂಜಿ ಹಾಕಬೇಕು, ರಕ್ತ ಯಂತ್ರಕ್ಕೆ ಹೋಗಲು ಒಂದು, ತಿರುಗಿ ಬರಲು ಇನ್ನೊಂದು. ಅಜ್ಜನ ನಾಳ ಮೊಣಕೈ ಕೆಳಗೆ ಸೊಟ್ಟ ತಿರುಗುತ್ತದೆ. ಗೊತ್ತಿಲ್ಲದವರು ಚುಚ್ಚಿದರೆ ಸೂಜಿ ಗೋಡೆ ದಾಟಿ ಕೈ ನೀಲಿಗಟ್ಟಿ ಊದುತ್ತದೆ, ಆ ದಿನದ ಡಯಾಲಿಸಿಸ್ಸೇ ಕೆಡಬಹುದು. ಸವಿತಾ ಬೆರಳಿಟ್ಟು ಆ ಜುಮ್ಮೆನ್ನುವ ಕಂಪನ ಹುಡುಕಿ ಒಂದೇ ಸಲಕ್ಕೆ ಹಾಕುತ್ತಿದ್ದರು. ಅವರು ಹೋಗುವ ಸುದ್ದಿ ಹೇಗೋ ಅಜ್ಜನಿಗೆ ಮುಟ್ಟಿತ್ತು.

‘ನೀನು ಹೋದ್ರೆ ನಂಗೆ ಸೂಜಿ ಹಾಕೋರು ಯಾರವ್ವಾ ಅಂದ್ರು ಮೇಡಂ. ಅವತ್ತಿಂದ ನಿದ್ದೆ ಇಲ್ಲ.’

ನಾನು ಸಮಾಧಾನದ ಮಾತಾಡಲಿಲ್ಲ. ‘ಇವತ್ತು ಬೆಳಗಿನ ಡ್ಯೂಟಿ ಮುಗಿಸಿ ಬಂದ್ರಲ್ಲ, ಮಧ್ಯಾಹ್ನದವರಿಗೆ ಹೇಗೆ ಹ್ಯಾಂಡೋವರ್ ಕೊಟ್ರಿ? ಹಾಗೇ ನನಗೆ ಕೊಡಿ’ ಅಂದೆ.

ಬೆನ್ನು ನೆಟ್ಟಗಾಯಿತು. ದನಿಯೇ ಬದಲಾಯಿತು. ಮೂರನೇ ಯಂತ್ರದಲ್ಲಿ ಯಾರು, ಎಷ್ಟಕ್ಕೆ ಶುರುವಾಯಿತು, ತೂಕ ಎಷ್ಟು ಇಳಿಸಬೇಕು, ಎರಡನೇ ಗಂಟೆಯಲ್ಲಿ ಬಿಪಿ ಇಳಿದದ್ದು, ಅದಕ್ಕೆ ಏನು ಮಾಡಿದರು, ಮುಂದೆ ಏನು ನೋಡಿಕೊಳ್ಳಬೇಕು, ಸೂಜಿ ತೆಗೆದ ಮೇಲೆ ಎಷ್ಟು ಹೊತ್ತು ಒತ್ತಿ ಹಿಡಿಯಬೇಕು. ಒಂದೂವರೆ ನಿಮಿಷವೂ ಆಗಿರಲಿಕ್ಕಿಲ್ಲ.

‘ಇದರಲ್ಲಿ ಎಷ್ಟು ಸಲ ಕ್ಷಮೆ ಕೇಳಿದ್ರಿ?’

ನಕ್ಕುಬಿಟ್ಟರು. ‘ಡ್ಯೂಟಿ ಮುಗೀತಲ್ಲ ಮೇಡಂ, ಅದಕ್ಯಾಕೆ ಕ್ಷಮೆ?’ ಅಂದವರು ಅಲ್ಲೇ ತಡೆದರು. ಕಣ್ಣಲ್ಲಿ ನೀರು ಬಂತು.

ನನ್ನ ವೃತ್ತಿಯ ಕೆಲವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅಪರಾಧಿ ಭಾವ ಎಲ್ಲಿಂದ ಬಂತೆಂದು ಬಾಲ್ಯಕ್ಕೆ ಹೋಗಬೇಕಿತ್ತು, ನೀವು ಗುಮಾಸ್ತರ ಹಾಗೆ ಪತ್ರ ತಿದ್ದುತ್ತಾ ಕೂತಿರಿ ಎಂದು ಸಹೋದ್ಯೋಗಿಯೊಬ್ಬರು ಅಂದರು. ಇರಬಹುದು. ಆದರೆ ಅಜ್ಜನ ಪ್ರಶ್ನೆ ಭ್ರಮೆಯಲ್ಲ, ಅದಕ್ಕೊಂದು ನಿಜವಾದ ಉತ್ತರ ಬೇಕು. ಸೂಜಿ ಯಾರು ಹಾಕುತ್ತಾರೆ ಅನ್ನುವುದು ತೀರ್ಮಾನವಾಗದೆ ಆ ಹುಡುಗಿಗೆ ನಿದ್ದೆ ಬರಬಾರದು ಅನ್ನುವವಳು ನಾನು. ಹಾಗಾಗಿ ಉಳಿದ ಹೊತ್ತನ್ನೆಲ್ಲ ಅದಕ್ಕೇ ಕೊಟ್ಟೆವು.

ಲೆಕ್ಕ ಅವರೇ ಹಾಕಿದರು. ನಾಲ್ಕು ವಾರ ಅಂದರೆ ಅಜ್ಜನಿಗೆ ಹನ್ನೆರಡು ಸಲ ಡಯಾಲಿಸಿಸ್. ಮೊದಲ ಮೂರು ಸಲ ಸವಿತಾ ಸೂಜಿ ಹಾಕುವುದು, ಕಿರಿಯ ಸಿಸ್ಟರ್ ಒಬ್ಬರು ಪಕ್ಕದಲ್ಲಿ ನಿಂತು ನಾಳದ ದಾರಿಯನ್ನು ತಾವೂ ಬೆರಳಿಟ್ಟು ನೋಡುವುದು. ಮುಂದಿನ ಆರು ಸಲ ಕಿರಿಯರು ಹಾಕುವುದು, ಸವಿತಾ ಕೈ ಹಿಂದೆ ಕಟ್ಟಿ ನಿಲ್ಲುವುದು. ‘ಕೈ ಹಿಂದೆ ಕಟ್ಟಲೇಬೇಕು, ಇಲ್ಲಾಂದ್ರೆ ನಾನೇ ಕಸ್ಕೊಂಡುಬಿಡ್ತೀನಿ’ ಅಂದರು. ಕೊನೆಯ ಮೂರು ಸಲ ಸವಿತಾ ಆ ಕೋಣೆಯಲ್ಲೇ ಇರಬಾರದು. ಕಷ್ಟದ ಕೈಯಿರುವ ಇನ್ನೂ ನಾಲ್ವರು ರೋಗಿಗಳಿದ್ದರು. ಅವರೆಲ್ಲರ ಕೈಯ ಚಿತ್ರ ಬರೆದು, ನಾಳ ಎಲ್ಲಿ ತಿರುಗುತ್ತದೆ, ಯಾವ ಜಾಗಕ್ಕೆ ಈಗ ವಿಶ್ರಾಂತಿ ಕೊಟ್ಟಿದೆ ಎಂದು ಗುರುತು ಮಾಡಿ ಫೈಲಿಗೆ ಸೇರಿಸುವುದು.

ಆಮೇಲೆ ತಾರೀಖು. ನೇಮಕಾತಿ ಪತ್ರ ತರಿಸಿ ಓದಿದೆವು, ಒಂದು ತಿಂಗಳ ನೋಟಿಸ್. ಸೇರಿದ ದಿನ ನೋಡಿದರೆ, ಅಂದೇ ಪತ್ರ ಕೊಟ್ಟು ಮೂವತ್ತನೇ ದಿನ ಹೊರಟಿದ್ದರೆ ಐದು ವರ್ಷ ತುಂಬಲು ಹನ್ನೊಂದು ದಿನ ಕಡಿಮೆ ಬೀಳುತ್ತಿತ್ತು. ಕೆಲಸ ಬಿಡುವವರಿಗೆ ಗ್ರಾಚ್ಯುಟಿ ಸಿಗಲು ಸಾಮಾನ್ಯವಾಗಿ 5 ವರ್ಷದ ನಿರಂತರ ಸೇವೆ ಬೇಕು. ಅದಕ್ಕಿಂತ ಕೆಲವು ದಿನ ಕಡಿಮೆಯಿದ್ದರೂ ಕೊಡಬೇಕೆಂದು ವಾದಿಸಿ ಗೆದ್ದವರಿದ್ದಾರೆ, ಆದರೆ ಕಾಲೇಜಿಗೆ ಹೋಗುವ ಹುಡುಗಿ ಕೋರ್ಟಿಗೆ ಯಾಕೆ ಅಲೆಯಬೇಕು? ಅವರ ಮೂಲ ವೇತನ ತುಟ್ಟಿಭತ್ಯೆ ಸೇರಿ 19,500 ರೂಪಾಯಿ. ತಿಂಗಳಿಗೆ 26 ದಿನ ಎಂದು ಹಿಡಿದು ವರ್ಷಕ್ಕೆ 15 ದಿನದ ಸಂಬಳ, ಅಂದರೆ 11,250. ಐದು ವರ್ಷಕ್ಕೆ 56,250 ರೂಪಾಯಿ. ಕಾಲೇಜಿಗೆ ಸೇರಲು ಇನ್ನೂ ಸಮಯವಿತ್ತು. ಕೊನೆಯ ದಿನವನ್ನು ನಲವತ್ತೈದು ದಿನ ಆಚೆಗಿಟ್ಟೆವು. ಆಸ್ಪತ್ರೆಗೂ ಹದಿನೈದು ದಿನ ಹೆಚ್ಚಿಗೆ ಸಿಕ್ಕಿತು.

ಒಂದು ವಿಷಯದಲ್ಲಿ ನಾನು ಎಡವಿದೆ. ಧನ್ಯವಾದದ ಸಾಲಿನಲ್ಲಿ ಅವರು ನರ್ಸಿಂಗ್ ಸೂಪರಿಂಟೆಂಡೆಂಟ್ ಹೆಸರು ಬರೆದಿದ್ದರು. ರಜೆ ಕೇಳಿದಾಗ ಎಲ್ಲರೆದುರು ಗದರಿದವರು ಆಕೆಯೇ ಎಂದು ಮೊದಲ ದಿನವೇ ಕೇಳಿದ್ದೆ. ‘ಅದನ್ನು ಹೊಡೆದುಹಾಕಿ, ಹೆದರಿ ಹೇಳುವ ಥ್ಯಾಂಕ್ಸ್ ಬೇಡ’ ಅಂದೆ, ಸ್ವಲ್ಪ ಗಟ್ಟಿಯಾಗಿಯೇ. ಸವಿತಾ ಒಪ್ಪಲಿಲ್ಲ. ‘2021ರಲ್ಲಿ ಎರಡನೇ ಅಲೆ ಬಂದಾಗ ನಾವು ನಾಲ್ಕು ಜನ ಒಟ್ಟಿಗೇ ಪಾಸಿಟಿವ್ ಆದ್ವಿ ಮೇಡಂ. ಎನ್.ಎಸ್. ಮೇಡಂ ಆ ವಯಸ್ಸಲ್ಲಿ ಹನ್ನೊಂದು ರಾತ್ರಿ ಯಂತ್ರದ ಹತ್ರ ನಿಂತ್ರು. ಬೈದದ್ದೂ ನಿಜ, ನಿಂತದ್ದೂ ನಿಜ.’ ನಾನು ಪೆನ್ಸಿಲ್ ಕೆಳಗಿಟ್ಟೆ. ನನ್ನ ಸಿಟ್ಟನ್ನು ಅವರ ಪತ್ರದೊಳಗೆ ತುರುಕಲು ಹೊರಟಿದ್ದೆ ಅನ್ನುವುದು ಅವರು ಹೋದ ಮೇಲೂ ಕಾಡಿತು.

ಕೊನೆಗೆ ಕೊಟ್ಟ ಪತ್ರ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳಿದರೆ ಹೀಗೆ:

‘ಎಂ.ಎಸ್‌ಸಿ. ನರ್ಸಿಂಗ್ ವ್ಯಾಸಂಗಕ್ಕೆ ಸೇರುತ್ತಿರುವುದರಿಂದ ಡಯಾಲಿಸಿಸ್ ಘಟಕದ ಸ್ಟಾಫ್ ನರ್ಸ್ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ. ನನ್ನ ಕೊನೆಯ ಕೆಲಸದ ದಿನ ಇಂಥ ತಾರೀಖು. ಸೂಜಿ ಹಾಕುವುದನ್ನು ತಾಳ್ಮೆಯಿಂದ ಕಲಿಸಿದ ಹಿರಿಯ ಟೆಕ್ನಿಷಿಯನ್‌ಗೆ, 2021ರಲ್ಲಿ ನಾವು ಮಲಗಿದಾಗ ರಾತ್ರಿ ಪಾಳಿ ಹೊತ್ತ ಸೂಪರಿಂಟೆಂಡೆಂಟ್ ಮೇಡಂಗೆ, ಘಟಕದ ಎಲ್ಲ ಸಿಸ್ಟರ್‌ಗಳಿಗೆ, ಆಯಾ ಅವರಿಗೆ ನನ್ನ ಧನ್ಯವಾದ. ಫಿಸ್ಟುಲಾ ಕಷ್ಟವಿರುವ ಐವರು ರೋಗಿಗಳ ಹ್ಯಾಂಡೋವರ್ ಯೋಜನೆ ಜೊತೆಗಿದೆ. ಇದಕ್ಕಾಗಿ ಕಿರಿಯ ಸಿಸ್ಟರ್ ಒಬ್ಬರನ್ನು ನಾಲ್ಕು ವಾರ ನನ್ನ ಪಾಳಿಗೇ ಹಾಕಿಕೊಡಬೇಕೆಂದು ಕೋರುತ್ತೇನೆ. ಸ್ಟಾಕ್ ಪುಸ್ತಕ, ತುರ್ತು ಔಷಧ ಟ್ರಾಲಿಯ ಪಟ್ಟಿಯನ್ನು ಕೊನೆಯ ವಾರ ಇಬ್ಬರ ಸಹಿಯೊಂದಿಗೆ ಒಪ್ಪಿಸುತ್ತೇನೆ. ಬಿಟ್ಟ ನಂತರದ ಒಂದು ತಿಂಗಳು ಭಾನುವಾರ ಸಂಜೆ ಐದರಿಂದ ಆರರವರೆಗೆ ಫೋನಿನಲ್ಲಿ ಸಿಗುತ್ತೇನೆ.’

ಆಸ್ಪತ್ರೆ ಇಟ್ಟುಕೊಂಡಿದ್ದ ಮೂಲ ಅಂಕಪಟ್ಟಿಗಳ ಮಾತನ್ನು ಇದರಲ್ಲಿ ಬೆರೆಸಬೇಡಿ ಅಂದೆ. ಅದನ್ನು ವಾಪಸ್ ಕೇಳುವುದು ಅವರ ಹಕ್ಕು, ಆದರೆ ಅದಕ್ಕೆ ಬೇರೆ ಅರ್ಜಿ, ಬೇರೆ ಸ್ವೀಕೃತಿ. ರಾಜೀನಾಮೆಯ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ, ಇ–ಮೇಲ್ ಕೂಡ ಕಳಿಸಿ ಎಂದೆ. ಎಚ್.ಆರ್.ನವರು ಎರಡು ತಿಂಗಳು ಮುಂದೂಡಲು ಕೇಳಿದರಂತೆ. ಸವಿತಾ ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದರಂತೆ. ಅಂಕಪಟ್ಟಿ ಬಂತು, ಅನುಭವ ಪತ್ರ ಮಾತ್ರ ಮೂರು ವಾರ ಸತಾಯಿಸಿತು.

ಕಾಲೇಜು ಸೇರಿದ ಮೇಲೊಮ್ಮೆ ಫೋನ್ ಮಾಡಿದರು. ಕಿರಿಯ ಸಿಸ್ಟರ್ ಭಾನುವಾರ ಐದಕ್ಕೆ ಸರಿಯಾಗಿ ಕರೆ ಮಾಡುತ್ತಾರಂತೆ. ಅಜ್ಜ ಹೇಗಿದ್ದಾರೆ ಎಂದೆ.

‘ಮೊದಲನೇ ಸೂಜಿ ಸಲೀಸಾಗಿ ಹೋಗುತ್ತಂತೆ ಮೇಡಂ. ಎರಡನೇದು ಹೋದ ವಾರ ಎರಡು ಸಲ ಚುಚ್ಚಬೇಕಾಯ್ತಂತೆ. ಚೆನ್ನಾಗಿ ಬೈದ್ರಂತೆ.’